770 ದೊಡ್ಡದೋ, 350 ದೊಡ್ಡದೋ? ಸ್ಕ್ಯಾನ್ ಹಾಳೆಯಲ್ಲಿನ ವಿಕಿರಣ ಡೋಸ್ ಲೆಕ್ಕ ಹಾಕುವುದು ಹೀಗೆ

ಈ ಪ್ರಶ್ನೆ ನನಗೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇರುತ್ತದೆ. ಒಂದು ಮಾದರಿ ಹೀಗಿದೆ: "ಅಮ್ಮ ಅಮೆರಿಕದಲ್ಲಿ ಅಕ್ಕನ ಮನೆಯಲ್ಲಿದ್ದಾಗ ಹೊಟ್ಟೆಯ ಸಿಟಿ ಸ್ಕ್ಯಾನ್ ಆಗಿತ್ತು. ಅಲ್ಲಿನ ಹಾಳೆಯಲ್ಲಿ ಡೋಸ್ 770 ಅಂತಿದೆ. ಈಗ ಬೆಂಗಳೂರಿನಲ್ಲಿ ಎದೆಯ ಸಿಟಿ ಮಾಡಿಸಿದೆವು. ಇಲ್ಲಿ 350 ಅಂತಿದೆ. ಅಲ್ಲಿ ಎರಡು ಪಟ್ಟಿಗಿಂತ ಜಾಸ್ತಿ ವಿಕಿರಣ ಕೊಟ್ಟುಬಿಟ್ಟರಾ?"

ಇಲ್ಲ. ಆ ಎರಡು ಸಂಖ್ಯೆಗಳು ಒಂದೇ ಜಾತಿಯವೂ ಅಲ್ಲ. ಒಂದು ಮಿಲಿರೆಮ್, ಇನ್ನೊಂದು ಡೋಸೇ ಅಲ್ಲ, ಡೋಸ್ ಲೆಕ್ಕ ಹಾಕಲು ಬೇಕಾದ ಕಚ್ಚಾ ಅಂಕಿ. ಎರಡನ್ನೂ ಒಂದೇ ಅಳತೆಗೆ ತಂದರೆ ಮಾತ್ರ ಹೋಲಿಸಬಹುದು. ಇದೇ ಎರಡು ಹಾಳೆ ಇಟ್ಟುಕೊಂಡು ಕೊನೆಯವರೆಗೂ ಲೆಕ್ಕ ಮಾಡೋಣ.

ಬೇಕಾಗುವುದು ಇಷ್ಟೇ: ಡೋಸ್ ಬರೆದಿರುವ ಹಾಳೆ, ಒಂದು ಪೆನ್ನು, ಮೊಬೈಲಿನ ಕ್ಯಾಲ್ಕುಲೇಟರ್. ಎಂಆರ್‌ಐ ಅಥವಾ ಅಲ್ಟ್ರಾಸೌಂಡ್ ಹಾಳೆಯಾದರೆ ಈ ಲೆಕ್ಕವೇ ಬೇಡ. ಅವುಗಳಲ್ಲಿ ಎಕ್ಸ್‌ರೇ ಬಳಸುವುದಿಲ್ಲ. ಆದ್ದರಿಂದ ಸೀವರ್ಟ್, ರೆಮ್ ಯಾವುದೂ ಅಲ್ಲಿ ಇರುವುದಿಲ್ಲ.

1. ಮೊದಲು ಸಂಖ್ಯೆ ನೋಡಬೇಡಿ, ಅದರ ಪಕ್ಕದ ಅಕ್ಷರ ನೋಡಿ

ಸಂಖ್ಯೆಯ ಪಕ್ಕದಲ್ಲಿರುವ ಯುನಿಟ್‌ಗೆ ಪೆನ್ನಿನಲ್ಲಿ ಸುತ್ತು ಹಾಕಿ. ನಿಮಗೆ ಸಿಗಬಹುದಾದವು ಇವು.

`Sv` ಅಂದರೆ ಸೀವರ್ಟ್. ಸ್ವೀಡನ್ನಿನ ಭೌತವಿಜ್ಞಾನಿ ರೋಲ್ಫ್ ಸೀವರ್ಟ್ ಹೆಸರಿನ ಯುನಿಟ್ ಇದು. ಅಂತರರಾಷ್ಟ್ರೀಯ ಅಳತೆ ಪದ್ಧತಿಗೆ 1979ರಲ್ಲಿ ಸೇರಿತು. ವಿಕಿರಣದಿಂದ ದೇಹಕ್ಕೆ ಆಗಬಹುದಾದ ಹಾನಿಯನ್ನು ಅಂದಾಜು ಮಾಡುವ ಅಳತೆ ಅಂದುಕೊಳ್ಳಿ. ಸ್ಕ್ಯಾನ್‌ಗಳ ಮಟ್ಟಿಗೆ ಇದು ತೀರಾ ದೊಡ್ಡ ಯುನಿಟ್. ಹಾಗಾಗಿ ಹಾಳೆಯಲ್ಲಿ ಸಾಮಾನ್ಯವಾಗಿ ಕಾಣುವುದು `mSv`, ಅಂದರೆ ಮಿಲಿಸೀವರ್ಟ್, ಸೀವರ್ಟ್‌ನ ಸಾವಿರದ ಒಂದು ಭಾಗ. ಹಲ್ಲಿನ ಎಕ್ಸ್‌ರೇಯಂಥ ಚಿಕ್ಕ ಡೋಸ್‌ಗಳಿಗೆ `µSv` ಬರುತ್ತದೆ. ಅದು ಮೈಕ್ರೋಸೀವರ್ಟ್, ಮಿಲಿಸೀವರ್ಟ್‌ನ ಸಾವಿರದ ಒಂದು ಭಾಗ. ಕೀಬೋರ್ಡಿನಲ್ಲಿ ಆ ಅಕ್ಷರ ಸಿಗದವರು `uSv` ಎಂದು ಬರೆಯುತ್ತಾರೆ. ಎರಡೂ ಒಂದೇ.

`rem` ಅಂದರೆ ರೆಮ್. ಸೀವರ್ಟ್ ಅಳೆಯುವುದನ್ನೇ ಅಳೆಯುವ ಹಳೆಯ ಯುನಿಟ್. ಬಹಳ ದೇಶಗಳು ಇದನ್ನು ಬಿಟ್ಟಿವೆ. ಅಮೆರಿಕದ ನಿಯಮಗಳು ಮಾತ್ರ ಇವತ್ತಿಗೂ ರೆಮ್‌ನಲ್ಲೇ ಇವೆ. ಅದಕ್ಕೇ ಅಲ್ಲಿಂದ ಬಂದ ಹಾಳೆಗಳಲ್ಲಿ `rem` ಅಥವಾ `mrem` ಕಾಣುತ್ತದೆ.

ನಮ್ಮ ಅಮೆರಿಕದ ಹಾಳೆಯಲ್ಲಿ ಸುತ್ತು ಹಾಕಿದಾಗ ಸಿಕ್ಕಿದ್ದು `770 mrem`. ಬೆಂಗಳೂರಿನ ಹಾಳೆಯಲ್ಲಿ `DLP 350 mGy·cm`. ಈ ಎರಡನೆಯದು ಸೀವರ್ಟ್ ಕುಟುಂಬದ್ದೂ ಅಲ್ಲ, ರೆಮ್ ಕುಟುಂಬದ್ದೂ ಅಲ್ಲ. ಅದನ್ನು ಪಕ್ಕಕ್ಕಿಡಿ. ನಾಲ್ಕನೇ ಹಂತದಲ್ಲಿ ಅದಕ್ಕೆ ಬರೋಣ.

2. ಎಲ್ಲವನ್ನೂ ಮಿಲಿಸೀವರ್ಟ್‌ಗೆ ತನ್ನಿ

ಸೀವರ್ಟ್ ಮತ್ತು ರೆಮ್ ಸಂಬಂಧ ರೂಪಾಯಿ ಪೈಸೆ ಸಂಬಂಧ. ಒಂದು ಸೀವರ್ಟ್‌ಗೆ ನೂರು ರೆಮ್. ಇದೊಂದು ನೆನಪಿದ್ದರೆ ಸಾಕು. ಎರಡೂ ಕಡೆ 'ಮಿಲಿ' ಸೇರಿದರೂ ಸಂಬಂಧ ಬದಲಾಗುವುದಿಲ್ಲ: ಒಂದು ಮಿಲಿಸೀವರ್ಟ್‌ಗೆ ನೂರು ಮಿಲಿರೆಮ್.

```
1 Sv  = 100 rem   = 1000 mSv
1 mSv = 100 mrem  = 1000 µSv
1 rem = 1000 mrem = 10 mSv
```

ಮೂರನೇ ಸಾಲಿನ ಹತ್ತು ಎಲ್ಲಿಂದ ಬಂತು? ಒಂದು ರೆಮ್ ಅಂದರೆ ಸಾವಿರ ಮಿಲಿರೆಮ್. ಸಾವಿರ ಮಿಲಿರೆಮ್ ಅನ್ನು ನೂರರಿಂದ ಭಾಗಿಸಿದರೆ ಹತ್ತು ಮಿಲಿಸೀವರ್ಟ್. ಅಷ್ಟೇ.

ಹಾಗಾದರೆ ಮಿಲಿಸೀವರ್ಟ್‌ಗೆ ತರಲು:

- ಹಾಳೆಯಲ್ಲಿ `mrem` ಇದ್ದರೆ 100ರಿಂದ ಭಾಗಿಸಿ.
- `rem` ಇದ್ದರೆ 10ರಿಂದ ಗುಣಿಸಿ.
- `µSv` ಇದ್ದರೆ 1000ದಿಂದ ಭಾಗಿಸಿ.
- `Sv` ಇದ್ದರೆ 1000ದಿಂದ ಗುಣಿಸಿ.

ನಮ್ಮ 770 ಮಿಲಿರೆಮ್ ÷ 100 = 7.7 ಮಿಲಿಸೀವರ್ಟ್. ಅಮೆರಿಕದ ಹಾಳೆಯ ಕೆಲಸ ಮುಗಿಯಿತು.

ಜನ ಜಾಸ್ತಿ ಎಡವುವುದು ಇಲ್ಲೇ. ಮೊದಲ ಎರಡು ಸಾಲುಗಳಲ್ಲಿ ಒಂದಕ್ಕೆ ಭಾಗಾಕಾರ, ಇನ್ನೊಂದಕ್ಕೆ ಗುಣಾಕಾರ. 'ರೆಮ್‌ನಿಂದ ಸೀವರ್ಟ್‌ಗೆ ನೂರರಿಂದ ಭಾಗಿಸಬೇಕು' ಎಂದು ಎಲ್ಲೋ ಓದಿರುತ್ತಾರೆ. 0.77 ರೆಮ್ ಅನ್ನು ನೂರರಿಂದ ಭಾಗಿಸುತ್ತಾರೆ. 0.0077 ಬರುತ್ತದೆ. ಅದು ಸೀವರ್ಟ್. ಆದರೆ ಪಕ್ಕದಲ್ಲಿ ಮಿಲಿಸೀವರ್ಟ್ ಎಂದು ಬರೆದುಬಿಡುತ್ತಾರೆ. ಡೋಸ್ ಸಾವಿರ ಪಟ್ಟು ಕಡಿಮೆಯಾಗಿ ಹೋಯಿತು! ನೂರರ ಲೆಕ್ಕ ನಡೆಯುವುದು ಎರಡೂ ಕಡೆ 'ಮಿಲಿ' ಇದ್ದಾಗ, ಇಲ್ಲವೇ ಎರಡೂ ಕಡೆ ಇಲ್ಲದಿದ್ದಾಗ ಮಾತ್ರ. ರೆಮ್‌ನಿಂದ ಮಿಲಿಸೀವರ್ಟ್‌ಗೆ ಹೋಗುವಾಗ ಹತ್ತರ ಲೆಕ್ಕ.

3. ಉತ್ತರ ನಂಬುವಂತಿದೆಯೇ ಎಂದು ನೋಡಿ

ಲೆಕ್ಕ ಸರಿಯಿದ್ದರೂ ಹಾಳೆಯೇ ತಪ್ಪಿರಬಹುದು. ಇದು ನನ್ನ ಕಣ್ಣಾರೆ ಕಂಡ ವಿಷಯ. ಒಂದು ಸುರಕ್ಷತಾ ಹಾಳೆಯಲ್ಲಿ ಎದೆಯ ಮಾಮೂಲಿ ಎಕ್ಸ್‌ರೇಗೆ '20 ಮಿಲಿಸೀವರ್ಟ್' ಎಂದು ಅಚ್ಚಾಗಿತ್ತು. ಅದು ಇರಬೇಕಾದದ್ದು 20 ಮೈಕ್ರೋಸೀವರ್ಟ್.

ಇದು ಆಗುವ ರೀತಿ ವಿಚಿತ್ರವಾಗಿದೆ. ಹಳೆಯ ವರ್ಡ್ ಫೈಲುಗಳಲ್ಲಿ `µ` ಅಕ್ಷರ ಬೇಕಾದರೆ `m` ಒತ್ತಿ, ಅದಕ್ಕೆ `Symbol` ಎಂಬ ಫಾಂಟ್ ಹಾಕುತ್ತಿದ್ದರು. ಆ ಫಾಂಟ್‌ನಲ್ಲಿ `m` ಕೀಲಿಗೆ `µ` ಆಕಾರ ಇರುತ್ತದೆ. ಫೈಲ್ ಬೇರೆ ಕಂಪ್ಯೂಟರ್‌ಗೆ ಹೋದಾಗ, ಅಥವಾ ಯಾರೋ ಕಾಪಿ ಮಾಡಿ ಬೇರೆ ಕಡೆ ಅಂಟಿಸಿದಾಗ ಫಾಂಟ್ ಕಳಚಿಹೋಗುತ್ತದೆ. `µ` ಮತ್ತೆ `m` ಆಗಿಬಿಡುತ್ತದೆ. ಯಾರೂ ಸಂಖ್ಯೆ ಮುಟ್ಟಿಲ್ಲ, ಆದರೂ ಡೋಸ್ ಸಾವಿರ ಪಟ್ಟು ಏರಿತು.

ಇದನ್ನು ಹಿಡಿಯಲು ಅಂದಾಜು ಗಾತ್ರಗಳು ತಲೆಯಲ್ಲಿರಬೇಕು. ದೊಡ್ಡವರಿಗೆ, ಮಿಲಿಸೀವರ್ಟ್‌ನಲ್ಲಿ: ಒಂದೇ ಹಲ್ಲಿನ ಚಿಕ್ಕ ಎಕ್ಸ್‌ರೇ 0.005ರ ಆಸುಪಾಸು. ಎದೆಯ ಎಕ್ಸ್‌ರೇ 0.02ರಿಂದ 0.1. ಸ್ತನದ ಮ್ಯಾಮೋಗ್ರಾಮ್ 0.4ರ ಹತ್ತಿರ. ತಲೆಯ ಸಿಟಿ ಸುಮಾರು 2. ಎದೆ ಅಥವಾ ಹೊಟ್ಟೆಯ ಸಿಟಿ 5ರಿಂದ 10ರ ಸುತ್ತಮುತ್ತ. ಯಂತ್ರ, ದೇಹದ ಗಾತ್ರ, ಎಷ್ಟು ಸಲ ಸ್ಕ್ಯಾನ್ ಮಾಡಿದರು ಎಂಬುದರ ಮೇಲೆ ಇವು ಎರಡು ಮೂರು ಪಟ್ಟು ಹೆಚ್ಚು ಕಡಿಮೆ ಆಗುವುದು ಸಹಜ. ಆದರೆ ನೂರು ಪಟ್ಟು, ಸಾವಿರ ಪಟ್ಟು ವ್ಯತ್ಯಾಸ ಕಂಡರೆ ಅದು ಯುನಿಟ್ ತಪ್ಪು ಎಂದೇ ಮೊದಲು ಅನುಮಾನಿಸಿ.

ನಮ್ಮ 7.7 ಹೊಟ್ಟೆಯ ಸಿಟಿಗೆ ತೀರಾ ಮಾಮೂಲಿ ಅಂಕಿ. ಮುಂದೆ ಹೋಗೋಣ.

4. ಹಾಳೆಯಲ್ಲಿ ಗ್ರೇ ಕಂಡರೆ ನಿಲ್ಲಿ

ನಮ್ಮೂರಿನ ಸಿಟಿ ಹಾಳೆಗಳಲ್ಲಿ ಬಹಳಷ್ಟು ಸಲ ಮಿಲಿಸೀವರ್ಟ್ ಇರುವುದೇ ಇಲ್ಲ. ಯಂತ್ರ ತಾನಾಗಿ ಅಚ್ಚು ಮಾಡುವುದು ಎರಡು ಅಂಕಿಗಳನ್ನು: `CTDIvol`, ಅಂದರೆ ಸ್ಕ್ಯಾನ್ ಮಾಡಿದ ಭಾಗಕ್ಕೆ ಯಂತ್ರ ಕೊಡುವ ಸರಾಸರಿ ಡೋಸ್ ಅಂಕಿ, ಅದು `mGy`ನಲ್ಲಿ; ಮತ್ತು `DLP`, ಅದು `mGy·cm`ನಲ್ಲಿ. ಇಲ್ಲಿನ `mGy` ಅಂದರೆ ಮಿಲಿಗ್ರೇ.

ಗ್ರೇ ಎನ್ನುವುದು ಒಂದು ಕಿಲೋ ವಸ್ತು ಎಷ್ಟು ಶಕ್ತಿ ಹೀರಿಕೊಂಡಿತು ಎಂಬ ಅಳತೆ. ಅದಕ್ಕೆ ದೇಹದ ಯಾವ ಭಾಗ ಎಂಬುದು ಗೊತ್ತಿಲ್ಲ. ಸೀವರ್ಟ್‌ಗೆ ಅದು ಗೊತ್ತಿದೆ. 'ಎಕ್ಸ್‌ರೇಗೆ ಒಂದು ಗ್ರೇ ಅಂದರೆ ಒಂದು ಸೀವರ್ಟ್' ಎಂಬ ಮಾತನ್ನು ನೀವು ಕೇಳಿರಬಹುದು. ಒಂದೇ ಅಂಗದ ಲೆಕ್ಕ ಮಾಡುವಾಗ, ಅಥವಾ ಇಡೀ ದೇಹಕ್ಕೆ ಒಂದೇ ಸಮ ವಿಕಿರಣ ಬಿದ್ದಾಗ ಅದು ನಿಜ. ಸ್ಕ್ಯಾನ್‌ನಲ್ಲಿ ಹಾಗಾಗುವುದಿಲ್ಲ, ಒಂದು ಭಾಗಕ್ಕೆ ಮಾತ್ರ ಬೀಳುತ್ತದೆ. ಮ್ಯಾಮೋಗ್ರಾಮ್ ನೋಡಿ. ಎರಡೂ ಸ್ತನಗಳಿಗೆ 3 ಮಿಲಿಗ್ರೇ ಬಿದ್ದಿತು ಎನ್ನಿ. ಇಡೀ ದೇಹದ ಅಪಾಯದಲ್ಲಿ ಸ್ತನದ ಪಾಲು 0.12 ಎಂದು ಅಂತರರಾಷ್ಟ್ರೀಯ ವಿಕಿರಣ ಸುರಕ್ಷತಾ ಆಯೋಗ ಇಟ್ಟಿದೆ. 3 × 0.12 = 0.36 ಮಿಲಿಸೀವರ್ಟ್. 3 ಅಲ್ಲ, 0.36. ಹೀಗೆ ಇಡೀ ದೇಹಕ್ಕೆ ಹೊಂದಿಸಿದ ಅಂಕಿಗೆ ಪರಿಣಾಮಕಾರಿ ಡೋಸ್ ಎನ್ನುತ್ತಾರೆ. ಹಾಳೆಯಲ್ಲಿ `effective dose` ಎಂದಿರುವುದು ಇದೇ.

ಸಿಟಿಗೆ ಒಂದು ಅಡ್ಡದಾರಿ ಇದೆ. `DLP` ಅಂದರೆ ಡೋಸ್ ಮತ್ತು ಸ್ಕ್ಯಾನ್ ಮಾಡಿದ ಉದ್ದದ ಗುಣಲಬ್ಧ. ಅದನ್ನು ದೇಹದ ಭಾಗಕ್ಕೆ ತಕ್ಕ ಒಂದು ಗುಣಾಂಕದಿಂದ ಗುಣಿಸಿದರೆ ನೇರವಾಗಿ ಮಿಲಿಸೀವರ್ಟ್ ಅಂದಾಜು ಸಿಗುತ್ತದೆ. ದೊಡ್ಡವರಿಗೆ ರೂಢಿಯಲ್ಲಿರುವ ಗುಣಾಂಕಗಳು ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘ 2008ರಲ್ಲಿ ಪ್ರಕಟಿಸಿದ ವರದಿಯಲ್ಲಿವೆ:

```
mSv = DLP × k

ತಲೆ          k = 0.0021
ಕುತ್ತಿಗೆ        k = 0.0059
ಎದೆ          k = 0.014
ಹೊಟ್ಟೆ, ಸೊಂಟ   k = 0.015
```

ಬೆಂಗಳೂರಿನ ಹಾಳೆ ಎದೆಯದ್ದು. 350 × 0.014 = 4.9 ಮಿಲಿಸೀವರ್ಟ್.

ತಲೆಗೂ ಎದೆಗೂ ಗುಣಾಂಕದಲ್ಲಿ ಆರೇಳು ಪಟ್ಟು ವ್ಯತ್ಯಾಸ ಇದೆ, ಗಮನಿಸಿದಿರಾ? ಅದಕ್ಕೇ ತಲೆಯ ಸಿಟಿಯಲ್ಲಿ `DLP 900` ಕಂಡರೂ ಗಾಬರಿಯಾಗಬೇಕಿಲ್ಲ. ಅದು 1.9 ಮಿಲಿಸೀವರ್ಟ್ ಅಷ್ಟೇ. ಎದೆಯಲ್ಲಿ, ಹೊಟ್ಟೆಯಲ್ಲಿ ವಿಕಿರಣಕ್ಕೆ ಬೇಗ ಸ್ಪಂದಿಸುವ ಅಂಗಗಳು ಜಾಸ್ತಿ.

ಈ ಹಂತದಲ್ಲಿ ಮೂರು ಕಡೆ ಎಚ್ಚರ ಬೇಕು. `CTDIvol` ಅಂಕಿಯನ್ನು ಈ ಗುಣಾಂಕದಿಂದ ಗುಣಿಸಬೇಡಿ, ಅದರಲ್ಲಿ ಉದ್ದ ಸೇರಿಲ್ಲ. ಬಣ್ಣದ ಇಂಜೆಕ್ಷನ್ ಕೊಟ್ಟು ಎರಡು ಮೂರು ಸಲ ಸ್ಕ್ಯಾನ್ ಮಾಡಿದ್ದರೆ ಹಾಳೆಯಲ್ಲಿ ಸಾಲುಗಳು ಹಲವಿರುತ್ತವೆ. ಆಗ ಒಂದು ಸಾಲನ್ನಲ್ಲ, `Total DLP` ತೆಗೆದುಕೊಳ್ಳಿ. ಆದರೆ ಒಂದೇ ಸಲಕ್ಕೆ ತಲೆಯೂ ಎದೆಯೂ ಆಗಿದ್ದರೆ ಒಟ್ಟು ಅಂಕಿಗೆ ಒಂದೇ ಗುಣಾಂಕ ಹಾಕುವಂತಿಲ್ಲ. ಭಾಗ ಭಾಗವಾಗಿ ಗುಣಿಸಿ ಆಮೇಲೆ ಕೂಡಿಸಿ.

ಮಕ್ಕಳ ಹಾಳೆಗೆ ಈ ಪಟ್ಟಿ ಬಳಸಲೇಬೇಡಿ. ಆಗಷ್ಟೇ ಹುಟ್ಟಿದ ಮಗುವಿನ ತಲೆಗೆ ಗುಣಾಂಕ 0.011. ದೊಡ್ಡವರದ್ದಕ್ಕಿಂತ ಐದು ಪಟ್ಟು. ವಯಸ್ಸಿಗೆ ತಕ್ಕಂತೆ ಅದು ಬದಲಾಗುತ್ತಾ ಹೋಗುತ್ತದೆ. ಮಕ್ಕಳ ವಿಷಯದಲ್ಲಿ ರೇಡಿಯಾಲಜಿಸ್ಟ್ ಅವರನ್ನೇ ಕೇಳಿ.

ಇನ್ನೊಂದು ಬಲೆ ಪೆಟ್ ಸ್ಕ್ಯಾನ್, ಮೂಳೆ ಸ್ಕ್ಯಾನ್ ಹಾಳೆಗಳಲ್ಲಿದೆ. ಅಲ್ಲಿ 'ಡೋಸ್ 10 `mCi`' ಎಂದಿರುತ್ತದೆ. ಇದು ಮಿಲಿಕ್ಯೂರಿ, ಅಂದರೆ ಇಂಜೆಕ್ಷನ್‌ನಲ್ಲಿ ಎಷ್ಟು ವಿಕಿರಣಶೀಲ ಔಷಧಿ ಇತ್ತು ಎಂಬ ಅಳತೆ. ಔಷಧಿ ಯಾವುದು ಎಂದು ಗೊತ್ತಿಲ್ಲದೆ ಇದನ್ನು ಮಿಲಿಸೀವರ್ಟ್ ಮಾಡಲು ಆಗುವುದಿಲ್ಲ. ಪೆಟ್ ಸ್ಕ್ಯಾನ್‌ನಲ್ಲಿ ಬಳಸುವ ಎಫ್‌ಡಿಜಿಗೆ 10 ಮಿಲಿಕ್ಯೂರಿ ಅಂದರೆ ದೊಡ್ಡವರಲ್ಲಿ ಸುಮಾರು 7 ಮಿಲಿಸೀವರ್ಟ್. ಜೊತೆಗೆ ಸಿಟಿಯೂ ಆಗಿದ್ದರೆ ಅದರ ಡೋಸ್ ಬೇರೆ.

5. ಈಗ ಕೂಡಿಸಿ, ಹಿಂದಕ್ಕೆ ತಿರುಗಿಸಿ ನೋಡಿ

ಪರಿಣಾಮಕಾರಿ ಡೋಸ್ ಆದ್ದರಿಂದ ಎರಡನ್ನೂ ಕೂಡಿಸಬಹುದು. 7.7 + 4.9 = 12.6 ಮಿಲಿಸೀವರ್ಟ್. ಅಮ್ಮ ಮತ್ತೆ ಅಮೆರಿಕಕ್ಕೆ ಹೋಗಿ, ಅಲ್ಲಿನ ಡಾಕ್ಟರಿಗೆ ಅವರದೇ ಯುನಿಟ್‌ನಲ್ಲಿ ಹೇಳಬೇಕೆಂದರೆ:

```
12.6 mSv × 100  = 1260 mrem
1260 mrem ÷ 1000 = 1.26 rem
12.6 mSv ÷ 1000 = 0.0126 Sv
```

ನಾಲ್ಕೂ ಒಂದೇ ಡೋಸ್. 1260 ಎಂದು ಓದಿದಾಗ ಎದೆ ಧಸಕ್ ಎನ್ನುತ್ತದೆ, 0.0126 ಎಂದರೆ ಏನೂ ಅನ್ನಿಸುವುದಿಲ್ಲ, ಅಲ್ವಾ?

ಲೆಕ್ಕ ಸರಿಯಾ ಎಂದು ನೋಡಲು ಒಂದು ಸುಲಭ ಗುರುತು: ಯುನಿಟ್ ಚಿಕ್ಕದಾದಷ್ಟೂ ಸಂಖ್ಯೆ ದೊಡ್ಡದಾಗಬೇಕು. ದೊಡ್ಡದರಿಂದ ಚಿಕ್ಕದಕ್ಕೆ ಕ್ರಮ ಹೀಗೆ: ಸೀವರ್ಟ್, ರೆಮ್, ಮಿಲಿಸೀವರ್ಟ್, ಮಿಲಿರೆಮ್, ಮೈಕ್ರೋಸೀವರ್ಟ್. ಮಿಲಿಸೀವರ್ಟ್‌ನಿಂದ ರೆಮ್‌ಗೆ ಹೋದಾಗ ಸಂಖ್ಯೆ ಹಿಗ್ಗಿದರೆ ನೀವು ಭಾಗಿಸುವ ಕಡೆ ಗುಣಿಸಿದ್ದೀರಿ.

ಪಾಯಿಂಟ್ ಆದಮೇಲೆ ನಾಲ್ಕೈದು ಅಂಕಿ ಬರೆಯುವ ಆಸೆ ಬೇಡ. ಈ 12.6 ನಿಮ್ಮ ಅಮ್ಮನ ದೇಹವನ್ನೇ ಅಳೆದು ಬಂದದ್ದಲ್ಲ. ಸರಾಸರಿ ಗಾತ್ರದ ಒಂದು ಮಾದರಿ ದೇಹಕ್ಕೆ ಮಾಡಿದ ಅಂದಾಜು. '12ರಿಂದ 13' ಎಂದರೂ ಸಾಕು.

6. ಯಾವುದರ ಜೊತೆ ಹೋಲಿಸುತ್ತೀರಿ ಎಂಬುದೇ ದೊಡ್ಡ ವಿಷಯ

ಇಲ್ಲಿಯವರೆಗೆ ಸರಿಯಾಗಿ ಬಂದವರೂ ಕೊನೆಯಲ್ಲಿ ಜಾರುತ್ತಾರೆ. ಸುರಕ್ಷತಾ ಹಾಳೆಯ ಕೆಳಗೆ ಮಿತಿಗಳ ಪಟ್ಟಿ ಇರುತ್ತದೆ. 'ಸಾರ್ವಜನಿಕರಿಗೆ ವರ್ಷಕ್ಕೆ 1 ಮಿಲಿಸೀವರ್ಟ್.' ತಕ್ಷಣ ಪ್ರಶ್ನೆ: "12.6 ಅಂದರೆ ಮಿತಿಗಿಂತ ಹನ್ನೆರಡು ಪಟ್ಟು ಜಾಸ್ತಿ ಆಯ್ತಲ್ಲ?"

ಆ ಮಿತಿ ರೋಗಿಗಲ್ಲ. ಆಸ್ಪತ್ರೆಯ ಹೊರಗೆ ಓಡಾಡುವವರಿಗೆ, ಎಕ್ಸ್‌ರೇ ಕೋಣೆಯ ಗೋಡೆಯಾಚೆ ಕೂತವರಿಗೆ, ಅವರಿಗೆ ಯಾವ ಪ್ರಯೋಜನವೂ ಇಲ್ಲದೆ ಸುಮ್ನೆ ತಗಲುವ ವಿಕಿರಣಕ್ಕೆ. ಸಿಬ್ಬಂದಿಯ ಮಿತಿಯೂ ರೋಗಿಗೆ ಅನ್ವಯಿಸುವುದಿಲ್ಲ. ರೋಗಿಯ ಸ್ಕ್ಯಾನ್‌ಗೆ ವರ್ಷದ ಮಿತಿ ಎಂಬುದೇ ಇಲ್ಲ. ಅಲ್ಲಿ ಕೇಳಬೇಕಾದ ಪ್ರಶ್ನೆ ಈ ಸ್ಕ್ಯಾನ್ ಬೇಕೇ, ಇಷ್ಟೇ ಮಾಹಿತಿ ಇನ್ನೂ ಕಡಿಮೆ ಡೋಸ್‌ನಲ್ಲಿ ಸಿಗುತ್ತದೆಯೇ ಎಂಬುದು. ಗಾತ್ರದ ಅಂದಾಜಿಗೆ ಹೋಲಿಸಲೇಬೇಕೆಂದರೆ ಪ್ರಕೃತಿಯಿಂದಲೇ ಬರುವ ವಿಕಿರಣದ ಜೊತೆ ಹೋಲಿಸಿ. ಮಣ್ಣು, ಗಾಳಿ, ಆಕಾಶದಿಂದ ಬರುವ ಅದರ ಜಗತ್ತಿನ ಸರಾಸರಿ ವರ್ಷಕ್ಕೆ 2.4 ಮಿಲಿಸೀವರ್ಟ್. ನಮ್ಮ 12.6 ಅಂದರೆ ಸುಮಾರು ಐದು ವರ್ಷದ್ದು.

ಸಿಬ್ಬಂದಿಗೆ ಬೇರೆಯದೇ ಅಪಾಯ ಇದೆ: ಪರಿವರ್ತನೆ ಸರಿ, ನಿಯಮ ತಪ್ಪು. ಎಕ್ಸ್‌ರೇ ಟೆಕ್ನಿಷಿಯನ್ ಒಬ್ಬರು ಅಮೆರಿಕದ ಪೋಸ್ಟರ್ ನೋಡಿ 'ವರ್ಷಕ್ಕೆ 5 ರೆಮ್ ಮಿತಿ' ಎಂದು ಓದುತ್ತಾರೆ. 5 × 10 = 50 ಮಿಲಿಸೀವರ್ಟ್, ಲೆಕ್ಕ ಸರಿ. ಆದರೆ ಭಾರತದಲ್ಲಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್. ಯಾವುದೇ ಒಂದು ವರ್ಷದಲ್ಲಿ 30 ದಾಟುವಂತಿಲ್ಲ. ರೆಮ್‌ನಲ್ಲಿ ಹೇಳಿದರೆ 2 ಮತ್ತು 3. ಗರ್ಭಿಣಿ ಸಿಬ್ಬಂದಿಯ ವಿಷಯದಲ್ಲಿ ಅಂತರ ಇನ್ನೂ ಜಾಸ್ತಿ. ಅಮೆರಿಕದ ಹಾಳೆಯಲ್ಲಿ ಇಡೀ ಗರ್ಭಾವಧಿಗೆ 500 ಮಿಲಿರೆಮ್, ಅಂದರೆ 5 ಮಿಲಿಸೀವರ್ಟ್ ಇರುತ್ತದೆ. ಇಲ್ಲಿ ಗರ್ಭಿಣಿ ಎಂದು ತಿಳಿಸಿದ ಮೇಲೆ ಹೊಟ್ಟೆಯಲ್ಲಿರುವ ಮಗುವಿಗೆ 1 ಮಿಲಿಸೀವರ್ಟ್ ಮಾತ್ರ. ನೀವು ಸಿಬ್ಬಂದಿಯಾಗಿದ್ದರೆ, ಮೈಗೆ ತಗಲಿದ ವಿಕಿರಣ ಅಳೆಯುವ ನಿಮ್ಮ ಟಿಎಲ್‌ಡಿ ಬ್ಯಾಡ್ಜ್‌ನ ಮೂರು ತಿಂಗಳಿಗೊಮ್ಮೆ ಬರುವ ರಿಪೋರ್ಟ್ ಮಿಲಿಸೀವರ್ಟ್‌ನಲ್ಲೇ ಇರುತ್ತದೆ. ಅದನ್ನು ಇಲ್ಲಿನ ಮಿತಿಯ ಜೊತೆ ನೇರವಾಗಿ ಹೋಲಿಸಿ, ರೆಮ್‌ಗೆ ಹೋಗುವ ಅಗತ್ಯವೇ ಇಲ್ಲ.

ಮಿತಿಗಳ ಪಕ್ಕದಲ್ಲೇ `mR/h`, ಅಂದರೆ ಗಂಟೆಗೆ ಮಿಲಿರಾಂಟ್‌ಜನ್, ಅಥವಾ `µSv/h` ಕಂಡರೆ ಅದು ಗಂಟೆಗೆ ಎಷ್ಟು ಎಂಬ ವೇಗ, ಒಟ್ಟು ಡೋಸ್ ಅಲ್ಲ. ಕಾರಿನ ಸ್ಪೀಡೋಮೀಟರ್ ನೋಡಿ ಎಷ್ಟು ದೂರ ಬಂದೆವು ಎಂದು ಹೇಳಲು ಆಗುವುದಿಲ್ಲವಲ್ಲ, ಹಾಗೇ. ಎಷ್ಟು ಹೊತ್ತು ಎಂಬುದರಿಂದ ಗುಣಿಸಿದ ಮೇಲೆಯೇ ಅದು ಡೋಸ್.

7. ಹಾಳೆಯಲ್ಲಿ ಅಂಕಿಯೇ ಇಲ್ಲದಿದ್ದರೆ

ಸಿಟಿ ಆಗಿದ್ದರೆ ಅಂಕಿ ಬಹುಪಾಲು ಸಿಡಿಯಲ್ಲೇ ಇರುತ್ತದೆ. ಚಿತ್ರಗಳ ಪಟ್ಟಿಯಲ್ಲಿ `Dose Report` ಅಥವಾ `Patient Protocol` ಎಂಬ ಹೆಸರಿನ, ಚಿತ್ರವಿಲ್ಲದ, ಬರೀ ಅಂಕಿಗಳ ಒಂದು ಪುಟ ಹುಡುಕಿ. ಅಲ್ಲೇ `DLP` ಸಿಗುತ್ತದೆ. ಸಿಗದಿದ್ದರೆ ಸ್ಕ್ಯಾನ್ ಮಾಡಿದ ಕಡೆ ಹೋಗಿ 'ಡೋಸ್ ರಿಪೋರ್ಟ್ ಪ್ರಿಂಟ್ ಕೊಡಿ' ಎಂದು ಕೇಳಿ. ಮನೆಯ ಫೈಲಿನಲ್ಲಿ ಬರೆದಿಡುವಾಗ ತಾರೀಕು, ದೇಹದ ಭಾಗ, ಹಾಳೆಯಲ್ಲಿದ್ದ ಮೂಲ ಅಂಕಿ ಅದರ ಯುನಿಟ್ ಸಮೇತ, ಆಮೇಲೆ ನೀವು ಮಾಡಿದ ಮಿಲಿಸೀವರ್ಟ್ ಲೆಕ್ಕ, ಇಷ್ಟೂ ಒಂದೇ ಸಾಲಿನಲ್ಲಿರಲಿ. ಮೂಲ ಅಂಕಿಯನ್ನು ಅಳಿಸಬೇಡಿ. ಲೆಕ್ಕ ತಪ್ಪಿದ್ದರೆ ನಿಮ್ಮ ಡಾಕ್ಟರು ಅದರಿಂದಲೇ ಸರಿಮಾಡಬೇಕು.